ತಂಗಿಯ ಮದುವೆಯ ಲೆಕ್ಕ: ದೊಡ್ಡಪ್ಪನ ಪತ್ರ

ಚಿರಂಜೀವಿ ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಮೂರು ಕೊಟೇಶನ್‌ಗಳನ್ನೂ ಮುಂದಿಟ್ಟುಕೊಂಡು ಕೂತಿದ್ದೇನೆ. ಛತ್ರ, ಅಡುಗೆ, ಒಡವೆ, ಇತರ ಖರ್ಚು ಎಲ್ಲಾ ಸೇರಿ 14 ಲಕ್ಷ 38 ಸಾವಿರ. ನಿನ್ನ ಮತ್ತು ಅಮ್ಮನ ಉಳಿತಾಯ 9 ಲಕ್ಷ. ಕೈಯಲ್ಲಿ ಸ್ವಲ್ಪ ಇರಲಿ ಎಂದು 6 ಲಕ್ಷ ಪರ್ಸನಲ್ ಲೋನ್ ತೆಗೆಯುತ್ತೇನೆ ಎಂದಿದ್ದೀಯ. ಶೇ. 14ರ ಬಡ್ಡಿಗೆ ಐದು ವರ್ಷ ತಿಂಗಳಿಗೆ ಸುಮಾರು 14,000 ಕಟ್ಟಿದರೆ ಬಡ್ಡಿಯೇ 2 ಲಕ್ಷ 38 ಸಾವಿರವಾಗುತ್ತದೆ. ಸಾಲದ ಮೊತ್ತವನ್ನು ಮೊದಲೇ ನಿಶ್ಚಯಿಸಬೇಡ. ಅದು ಲೆಕ್ಕದ ಕೊನೆಯ ಸಾಲಿನಲ್ಲಿ ಬರಬೇಕಾದದ್ದು.

ಛತ್ರದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. 1,60,000 ಬಾಡಿಗೆಯ ಮೇಲೆ ಶೇ. 18 ಜಿಎಸ್‌ಟಿ, ಕರೆಂಟು, ಜನರೇಟರ್ ಡೀಸೆಲ್, ಕ್ಲೀನಿಂಗ್ ಎಲ್ಲವನ್ನೂ ಸೇರಿಸಿ 2,15,000 ಎಂದು ಹಿಡಿದಿದ್ದೀಯ. ಅದು ಸರಿಯಿದೆ.

ಅಡುಗೆಯವರು ಮುಹೂರ್ತದ ಊಟಕ್ಕೆ ಎಲೆಗೆ 350ರಂತೆ ಕನಿಷ್ಠ 600 ಎಲೆ ಎಂದು ಬರೆದಿದ್ದಾರೆ. ಈ ‘ಕನಿಷ್ಠ’ ಎಂಬ ಪದದ ಮೇಲೆ ಕಣ್ಣಿಡು. 450 ಜನ ಬಂದರೂ ನೀನು 600 ಎಲೆಗೆ ಹಣ ಕೊಡಬೇಕು. 500ಕ್ಕೆ ಒಪ್ಪಿಸು, ಹೆಚ್ಚಾದರೆ ಅದೇ ದರ ಎಂದು ಬರೆಸಿಕೋ. ಅಲ್ಲಿಗೆ 35,000 ಉಳಿಯಿತು. ನಮ್ಮ ಮಗಳ ಮದುವೆಯಲ್ಲಿ ಗುತ್ತಿಗೆದಾರ 690 ಎಲೆ ಎಂದು ಬಿಲ್ಲು ತಂದ. ಊಟದ ಹಾಲಿನಲ್ಲಿ ಪಂಕ್ತಿಗೆ 120 ಜನ ಕೂರುತ್ತಿದ್ದರು. ನಾಲ್ಕು ಪಂಕ್ತಿ ತುಂಬಿ ಎದ್ದಿದ್ದವು, ಐದನೆಯದು ಅರ್ಧವೂ ದಾಟಿರಲಿಲ್ಲ. ಅಂದರೆ 540ರ ಒಳಗೆ. ಹರಿದ ಎಲೆ, ಬಡಿಸುವವರ ಎಲೆ ಎಲ್ಲವೂ ನಮ್ಮ ಲೆಕ್ಕಕ್ಕೆ ಸೇರಿತ್ತು. ಮಗಳನ್ನು ಕಳಿಸಿಕೊಡುವ ಹೊತ್ತಿನಲ್ಲಿ ಜಗಳ ಯಾರಿಗೆ ಬೇಕು, ಕೊಟ್ಟು ಬಂದೆ. ನಿಮ್ಮ ಚಿಕ್ಕಪ್ಪನನ್ನು ಒಂದು ಚೀಟಿ ಪೆನ್ನು ಕೊಟ್ಟು ಊಟದ ಹಾಲಿನ ಬಾಗಿಲಲ್ಲಿ ಕೂರಿಸು. ಹೇಗೂ ಅವನಿಗೆ ಮಂಟಪಕ್ಕಿಂತ ಅದೇ ಇಷ್ಟ.

ಇನ್ನು ಹಾರ. 40 ಗ್ರಾಂ, ಗ್ರಾಂಗೆ 12,000, ವೇಸ್ಟೇಜ್ ಶೇ. 16, ಜಿಎಸ್‌ಟಿ ಶೇ. 3, ಒಟ್ಟು 5,73,504. ಇದರಲ್ಲಿ ಚಿನ್ನದ ಬೆಲೆ 4,80,000 ಮಾತ್ರ. ಉಳಿದ 93,000 ಅಂಗಡಿಯ ಮೆಟ್ಟಿಲು ಇಳಿಯುವಾಗಲೇ ಹೋಗುತ್ತದೆ. ನಾಳೆ ಮಾರಿದರೂ ಅಡ ಇಟ್ಟರೂ ಆ ಹಣಕ್ಕೆ ಬೆಲೆ ಕಟ್ಟುವವರಿಲ್ಲ. ಅಮ್ಮನ ಬಳೆಗಳನ್ನು ಕೊಟ್ಟು ಹೊಸದು ತೆಗೆದುಕೊಳ್ಳಿ ಎಂದು ಅಂಗಡಿಯವರು ಹೇಳಿದ್ದಾರಂತೆ. ಬೇಡ. ಹಳೆಯದಕ್ಕೆ ಕರಗಿಸಿದ ಮೇಲಿನ ತೂಕಕ್ಕಷ್ಟೇ ಬೆಲೆ, ಹೊಸದಕ್ಕೆ ಮತ್ತೆ ಪೂರ್ತಿ ವೇಸ್ಟೇಜ್. ಆ ಬಳೆಗಳನ್ನು ಪಾಲಿಶ್ ಮಾಡಿಸಿ ತಂಗಿಯ ಕೈಗೆ ಹಾಗೆಯೇ ಹಾಕಿ. ಹಾರವನ್ನು 25 ಗ್ರಾಂಗೆ ಇಳಿಸಿ, ಕೆತ್ತನೆ ಕಡಿಮೆಯಿರುವ ಮಾದರಿ ಆರಿಸಿ, ವೇಸ್ಟೇಜ್ ಶೇ. 10ಕ್ಕೆ ಮಾತಾಡು. 3,39,900ಕ್ಕೆ ಮುಗಿಯುತ್ತದೆ.

ಇವೆರಡರಿಂದ ಒಟ್ಟು ಖರ್ಚು 11 ಲಕ್ಷ 69 ಸಾವಿರಕ್ಕೆ ಬರುತ್ತದೆ. ನೀನು ಬರೆಯದೇ ಬಿಟ್ಟ ಮೇಲುಖರ್ಚಿಗೆ 60,000 ಸೇರಿಸು. ಉಳಿತಾಯದಲ್ಲಿ ಒಂದು ಲಕ್ಷವನ್ನು ಮುಟ್ಟಬೇಡ, ಅಮ್ಮನಿಗೆ ಬಿಪಿ ಇದೆ ಎಂಬುದು ನೆನಪಿರಲಿ. 8 ಲಕ್ಷ ಹಾಕಿದರೆ ಕೊರತೆ 4 ಲಕ್ಷ 30 ಸಾವಿರ.

ಅದಕ್ಕೆ ಅಮ್ಮನ ಎರಡೆಳೆ ಸರವನ್ನು ಬ್ಯಾಂಕಿನಲ್ಲಿ ಅಡ ಇಡಿ. ಮೂವತ್ತು ವರ್ಷ ಸಹಕಾರಿ ಬ್ಯಾಂಕಿನಲ್ಲಿ ಒಡವೆ ಸಾಲವನ್ನೇ ನೋಡಿದವನ ಮಾತಿದು. ಕಲ್ಲು, ಅರಗು ಕಳೆದು ನಿವ್ವಳ ತೂಕಕ್ಕಷ್ಟೇ ಸಾಲ. ಸರದಲ್ಲಿ 60 ಗ್ರಾಂ ನಿವ್ವಳ ಸಿಕ್ಕರೆ ಇದೇ ದರದಲ್ಲಿ 7 ಲಕ್ಷ 20 ಸಾವಿರ ಬೆಲೆ, ನಿನ್ನ ಸಾಲ ಅದರ ಶೇ. 60ರ ಒಳಗೆ. ಬ್ಯಾಂಕು ಇನ್ನೂ ಹೆಚ್ಚು ಕೊಡುತ್ತೇನೆಂದರೂ ತೆಗೆದುಕೊಳ್ಳಬೇಡ. ಅಂಚಿನವರೆಗೆ ಸಾಲ ಎತ್ತಿದವರಿಗೇ ಚಿನ್ನದ ಬೆಲೆ ಬಿದ್ದಾಗ ‘ವ್ಯತ್ಯಾಸ ಕಟ್ಟಿ’ ಎಂಬ ನೋಟಿಸು ಹೋಗುತ್ತಿತ್ತು. ಹರಾಜಿಗೆ ಹೋದ ಒಡವೆಗಳಲ್ಲಿ ಹೆಚ್ಚಿನವು, ವರ್ಷದ ಕೊನೆಗೆ ಒಟ್ಟಿಗೆ ಕಟ್ಟುತ್ತೇನೆ ಎಂದು ಸುಮ್ಮನೆ ಕೂತವರದ್ದು. ಆದ್ದರಿಂದ ಕಂತಿನ ಸಾಲವನ್ನೇ ಕೇಳು. ಶೇ. 9.5ರ ಬಡ್ಡಿಗೆ ತಿಂಗಳಿಗೆ 20,000 ಕಟ್ಟಿದರೆ ಎರಡು ವರ್ಷದಲ್ಲಿ ಸರ ಮನೆಗೆ ಬರುತ್ತದೆ. ಒಟ್ಟು ಬಡ್ಡಿ 45,000 ದಾಟುವುದಿಲ್ಲ. ಕಂತು ನಿನಗೆ ಸ್ವಲ್ಪ ಬಿಗಿ, ಗೊತ್ತು. ಬೈಕ್ ಬದಲಾಯಿಸುವ ಯೋಚನೆಯನ್ನು ಅಲ್ಲಿಯವರೆಗೆ ಮುಂದೂಡು.

ಅಮ್ಮನನ್ನು ಒಪ್ಪಿಸುವ ಕೆಲಸ ನನ್ನದು. ಭಾನುವಾರ ಹಾಸನಕ್ಕೆ ಬರುತ್ತೇನೆ. ಸರವನ್ನು ತೂಗಿಸಿ ಇಟ್ಟಿರು. ಅಡುಗೆಯವರಿಗೆ ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡ.

ಇಂತಿ,
ನಿನ್ನ ದೊಡ್ಡಪ್ಪ