ಕೊಟ್ಟಿಗೆಯ ನೆಲದ ಇಳಿಜಾರನ್ನೂ ಅಳೆಯಿರಿ: ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಸರ್ಕಾರದ ಸಹಾಯಧನದಲ್ಲಿ ಕಟ್ಟುವ ದನದ ಕೊಟ್ಟಿಗೆಗಳ ಬಿಲ್ ಪಾಸಾಗುವ ಮುನ್ನ ಎಂಜಿನಿಯರರು ಉದ್ದ, ಅಗಲ, ಕಾಂಕ್ರೀಟಿನ ದಪ್ಪ ಮತ್ತು ಗೋಡೆಯ ಎತ್ತರವನ್ನು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನೆಲ ಯಾವ ಕಡೆಗೆ, ಎಷ್ಟು ವಾಲಿದೆ ಎಂಬುದನ್ನು ನಮ್ಮ ಊರಿನ ಕೊಟ್ಟಿಗೆಗಳಲ್ಲಿ ಯಾರೂ ಅಳೆದದ್ದನ್ನು ನಾನು ಕಂಡಿಲ್ಲ. ಹೈನುಗಾರನಾಗಿ ನನ್ನ ಕೋರಿಕೆ ಇದೊಂದೇ: ಇಳಿಜಾರು, ಚರಂಡಿ ಮತ್ತು ಗೋದಲಿಯ ಅಳತೆಗಳನ್ನು ಅಂದಾಜು ಪಟ್ಟಿಯಲ್ಲಿ ಸೇರಿಸಿ, ಸ್ಥಳದಲ್ಲೇ ಪರೀಕ್ಷಿಸಿದ ಮೇಲೆ ಹಣ ಬಿಡುಗಡೆ ಮಾಡಿಸಬೇಕು.

ನಾಲ್ಕು ಮಿಶ್ರತಳಿ ಹಸುಗಳನ್ನು ಒಂದೇ ಸಾಲಿನಲ್ಲಿ ಕಟ್ಟುವ ಕೊಟ್ಟಿಗೆಯನ್ನು ತೆಗೆದುಕೊಳ್ಳೋಣ. ಹಸುವೊಂದಕ್ಕೆ 4 ಅಡಿ ಅಗಲ ಬೇಕಾದ್ದರಿಂದ ಉದ್ದ 16 ಅಡಿ. ಅಡ್ಡಕ್ಕೆ ಗೋದಲಿಗೆ 2.5 ಅಡಿ, ಹಸು ನಿಲ್ಲಲು 5.5 ಅಡಿ, ಚರಂಡಿಗೆ 1 ಅಡಿ ಮತ್ತು ಹಾಲು ಕರೆಯುವವರು ಓಡಾಡಲು 4 ಅಡಿ, ಒಟ್ಟು 13 ಅಡಿ. ನಿಲ್ಲುವ ಜಾಗದ 5.5 ಅಡಿಯಲ್ಲಿ ಕಡಿತ ಮಾಡಿದರೆ ಹಿಂಗಾಲು ಚರಂಡಿಯೊಳಗೆ ಇಳಿಯುತ್ತದೆ. ಬೇಕಾಬಿಟ್ಟಿ ಹೆಚ್ಚಿಸಿದರೆ ಸಗಣಿ ಚರಂಡಿಗೆ ಬೀಳದೆ ಹಸು ಮಲಗುವಲ್ಲೇ ಬೀಳುತ್ತದೆ. ದೊಡ್ಡ ಮೈಕಟ್ಟಿನ ಎಚ್‌ಎಫ್ ಹಸುವಿಗೆ 6 ಅಡಿ ಬೇಕಾಗಬಹುದು, ಮಲೆನಾಡು ಗಿಡ್ಡಕ್ಕೆ ಇದಕ್ಕಿಂತ ಸಾಕಷ್ಟು ಕಡಿಮೆ ಸಾಕು. ಆದ್ದರಿಂದ ಎಲ್ಲರಿಗೂ ಒಂದೇ ನಕ್ಷೆ ಕೊಡುವುದು ಸರಿಯಲ್ಲ.

ಈ 5.5 ಅಡಿಯಲ್ಲಿ ಗೋದಲಿಯ ಬುಡದಿಂದ ಚರಂಡಿಯವರೆಗೆ ನೆಲ ಸುಮಾರು ಒಂದೂವರೆ ಇಂಚು ಇಳಿಯಬೇಕು, ಅಂದರೆ ಹೆಚ್ಚುಕಡಿಮೆ 44 ಅಡಿಗೆ ಒಂದಡಿ. ಇಳಿಜಾರು ಕಡಿಮೆಯಾದರೆ ಗಂಜಲ ಹಸುವಿನ ಹೊಟ್ಟೆಯಡಿಯಲ್ಲೇ ನಿಂತು, ಗೊರಸು ಮೆತ್ತಗಾಗಿ, ಒದ್ದೆ ನೆಲದಲ್ಲಿ ಮಲಗುವ ಹಸುವಿಗೆ ಕೆಚ್ಚಲು ಬಾವಿನ ಅಪಾಯ ಹೆಚ್ಚುತ್ತದೆ. ನೀರು ಬೇಗ ಹರಿಯಲಿ ಎಂದು ಮೂರು ನಾಲ್ಕು ಇಂಚು ಇಳಿಸುವುದೂ ತಪ್ಪೇ. ಆಗ ಹಸು ಜಾರುತ್ತದೆ, ಭಾರವೆಲ್ಲ ಹಿಂಗಾಲಿಗೆ ಬೀಳುತ್ತದೆ, ತುಂಬು ಗಬ್ಬದ ಹಸುವಿಗೆ ಮೈ ಹೊರಬರುವ ಸಂಭವವೂ ಇದೆ. ಮೇಸ್ತ್ರಿಗಳು ಚಂದ ಕಾಣಲೆಂದು ಮಾಡುವ ನುಣುಪು ಸಿಮೆಂಟ್ ಫಿನಿಶಿಂಗ್ ಮನೆಗೆ ಒಪ್ಪಬಹುದು, ಕೊಟ್ಟಿಗೆಗಲ್ಲ. ಕಾಂಕ್ರೀಟು ಹಸಿಯಿರುವಾಗಲೇ ಚರಂಡಿಯತ್ತ ಹರಿಯುವಂತೆ ಸಣ್ಣ ಗೆರೆಗಳನ್ನು ಎಳೆಯಿಸಬೇಕು.

ಚರಂಡಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. 16 ಅಡಿ ಉದ್ದಕ್ಕೆ 60ಕ್ಕೆ 1ರ ಇಳಿಜಾರು ಕೊಟ್ಟರೆ ಮೂರು ಇಂಚಿಗಿಂತ ತುಸು ಹೆಚ್ಚು ಇಳಿತವಾಗುತ್ತದೆ. ಚರಂಡಿಯ ತಳವನ್ನು ಮಾತ್ರ ಇಳಿಸುತ್ತ ಹೋದರೆ, ಎರಡು ಇಂಚು ಆಳದಲ್ಲಿ ಶುರುವಾದದ್ದು ಕೊನೆಯ ಹಸುವಿನ ಹಿಂದೆ ಐದು ಇಂಚು ದಾಟಿ, ಕಾಲು ಉಳುಕಿಸುವ ಗುಂಡಿಯಾಗುತ್ತದೆ. ಅದರ ಬದಲು ತಳಪಾಯ ಹಾಕುವಾಗಲೇ ಇಡೀ ನೆಲವನ್ನು ಉದ್ದಕ್ಕೂ ಅಷ್ಟು ವಾಲಿಸಿದರೆ ಚರಂಡಿ ಎಲ್ಲ ಕಡೆ ಎರಡೇ ಇಂಚು ಆಳವಿರುತ್ತದೆ, ಸಲಿಕೆಯಿಂದ ಒಂದೇ ಎಳೆತಕ್ಕೆ ಸ್ವಚ್ಛವಾಗುತ್ತದೆ. ಚರಂಡಿಯ ಮೂಲೆಗಳು ಚೌಕವಾಗಿದ್ದರೆ ಸಗಣಿ ಅಲ್ಲೇ ಕಚ್ಚಿಕೊಳ್ಳುವುದರಿಂದ ಅವನ್ನು ಗುಂಡಗೆ ತೀಡಿಸಬೇಕು.

ಅತಿ ಹೆಚ್ಚು ಕೆಟ್ಟಿರುವುದು ಗೋದಲಿ. ಮೇವು ಚೆಲ್ಲಬಾರದೆಂದು ಹಸುವಿನ ಕಡೆಯ ಗೋಡೆಯನ್ನೇ ಎರಡೂವರೆ, ಮೂರು ಅಡಿ ಎತ್ತರಿಸಿಬಿಡುತ್ತಾರೆ. ಹಸು ಏಳುವಾಗ ಮೊದಲು ತಲೆಯನ್ನು ಮುಂದಕ್ಕೆ ಚಾಚಿ, ಮೊಣಕಾಲೂರಿ ಹಿಂಭಾಗವನ್ನು ಎತ್ತುತ್ತದೆ. ಎದುರಿಗೆ ಎತ್ತರದ ಗೋಡೆಯಿದ್ದರೆ ಹಾಗೆ ಚಾಚಲು ಜಾಗವಿರುವುದಿಲ್ಲ. ಅಂಥ ಕೊಟ್ಟಿಗೆಯ ಮುಂದೆ ತುಸು ಹೊತ್ತು ನಿಂತರೆ ತಿಳಿಯುತ್ತದೆ: ಹಸು ನಾಯಿಯಂತೆ ಹಿಂಭಾಗವೂರಿ ಕೂತು, ಮುಂಗಾಲನ್ನೇ ಮೊದಲು ಎತ್ತಲು ಹೆಣಗಾಡುತ್ತಿರುತ್ತದೆ, ಕತ್ತಿನ ಕೆಳಗೆ ಕೂದಲು ಸವೆದು ಚರ್ಮ ದಡ್ಡುಗಟ್ಟಿರುತ್ತದೆ. ಮಿಶ್ರತಳಿ ಹಸುವಿಗೆ ಈ ಗೋಡೆ 20 ಇಂಚು ಮೀರಬಾರದು. ಚೆಲ್ಲುವುದನ್ನು ತಡೆಯಲು ಎತ್ತರಿಸಬೇಕಾದದ್ದು ಮೇವು ಹಾಕುವ ಕಡೆಯ ಗೋಡೆಯನ್ನು. ಗೋದಲಿಯ ತಳವು ಹಸು ನಿಲ್ಲುವ ನೆಲಕ್ಕಿಂತ ನಾಲ್ಕೈದು ಇಂಚು ಮೇಲಿರಬೇಕು, ಇಲ್ಲದಿದ್ದರೆ ತಳದ ಮೇವಿಗಾಗಿ ಹಸು ಮುಂಗಾಲು ಅಗಲಿಸಿ ಬಗ್ಗಬೇಕಾಗುತ್ತದೆ.

ಪರೀಕ್ಷೆಗೆ ಯಂತ್ರೋಪಕರಣ ಬೇಕಿಲ್ಲ. ಮೇಸ್ತ್ರಿಯ ಬಳಿ ಇರುವ ಟ್ಯೂಬ್ ಲೆವೆಲ್‌ನಿಂದ ಗೋದಲಿಯ ಬುಡ, ಚರಂಡಿಯ ಅಂಚು, ಚರಂಡಿಯ ಎರಡು ತುದಿಗಳ ಮಟ್ಟವನ್ನು ನೋಡಿ ಅಳತೆ ಪುಸ್ತಕದಲ್ಲಿ ಬರೆಯಲಿ. ಬಳಿಕ ಗೋದಲಿಯ ಬುಡದಲ್ಲಿ ಎರಡು ಬಕೆಟ್ ನೀರು ಸುರಿದು, ಎಲ್ಲಿಯಾದರೂ ನಿಂತರೆ ಅಲ್ಲಿ ಸುಣ್ಣದಿಂದ ಗುರುತು ಹಾಕಿ, ಆ ಭಾಗವನ್ನು ಸರಿಪಡಿಸಿದ ನಂತರವೇ ಕೊನೆಯ ಕಂತು ಬಿಡುಗಡೆಯಾಗಲಿ. ಕಾಂಕ್ರೀಟು ಗಟ್ಟಿಯಾದ ಮೇಲೆ ನೆಲವನ್ನು ಒಡೆದು ಮತ್ತೆ ಹಾಕಿಸುವ ಖರ್ಚು ರೈತನದೇ ಆಗುವುದರಿಂದ, ಮೊದಲ ಮಟ್ಟವನ್ನು ಕಾಂಕ್ರೀಟು ಸುರಿಯುವ ಮುನ್ನ, ಜಲ್ಲಿ ಹಾಸಿದ ಹಂತದಲ್ಲಿಯೇ ನೋಡುವಂತೆ ತಮ್ಮ ಎಂಜಿನಿಯರರಿಗೆ ಸೂಚಿಸಬೇಕೆಂದು ಕೋರುತ್ತೇನೆ.

ಇಂತಿ,
ಹಾಲು ಉತ್ಪಾದಕರ ಸಹಕಾರ ಸಂಘದ ಒಬ್ಬ ಸದಸ್ಯ