ಮೊದಲ ಸಂಬಳ: ಭಾನುವಾರದ ತರಗತಿಗೆ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಶಿರಸಿಯ ತರಗತಿಗೆ ಬರುವಾಗ ಸಂಬಳದ ಚೀಟಿ ತನ್ನಿ. ಆಫರ್ ಲೆಟರ್ ಅಲ್ಲ, ಸಂಬಳದ ಚೀಟಿ.

ಕಳೆದ ಸಲ ಒಬ್ಬಳು ಬೇಜಾರು ಮಾಡಿಕೊಂಡಿದ್ದಳು. 'ವರ್ಷಕ್ಕೆ 3 ಲಕ್ಷ ಅಂದಿದ್ರು, ಅಂದ್ರೆ ತಿಂಗಳಿಗೆ 25,000. ಕೈಗೆ ಬಂದಿದ್ದು 21,880!' ಮೋಸ ಏನಿಲ್ಲ. ಅವಳ ಮೂಲ ವೇತನ 13,000. ಅದರ ಶೇ 12, ಅಂದರೆ 1,560 ರೂಪಾಯಿ, ಅವಳ ಪಾಲಿನ ಪಿಎಫ್. ಕಂಪನಿಯೂ ಅಷ್ಟೇ ಹಾಕುತ್ತದೆ, ಆದರೆ ಅದನ್ನೂ ಆ 25,000ದಲ್ಲೇ ಸೇರಿಸಿ ಹೇಳಿರುತ್ತಾರೆ. ಎರಡೂ ಸೇರಿ 3,120 ಹೋಯಿತು. ಹಾಗಾಗಿ ಖರ್ಚಿನ ಲೆಕ್ಕ ಶುರುವಾಗಬೇಕಾದದ್ದು 21,880ರಿಂದ.

ಉಳಿತಾಯಕ್ಕೆ ಅವಳು ತಿಂಗಳಿಗೆ 3,000ದ ಆರ್‌ಡಿ ಮಾಡಿಸಿದಳು. ಹಣ ತಾನಾಗಿ ಕಡಿತವಾಗುವ ದಿನ 1ನೇ ತಾರೀಖು. ಸಂಬಳ ಬರುವುದೂ 1ಕ್ಕೇ, ಆದರೆ ಆ ತಿಂಗಳು 1 ಭಾನುವಾರ! ಖಾತೆಯಲ್ಲಿ ಹಣವಿಲ್ಲ, ಕಂತು ತಪ್ಪಿತು. ಈಗ ತಾರೀಖು 5ಕ್ಕೆ ಬದಲಾಗಿದೆ. ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟೋಣ ಅಂದರೆ ಉಳಿಯಲ್ಲ. ನಾನೂ ನೋಡಿದ್ದೇನೆ, ಜಾತ್ರೆ ಇರುವ ತಿಂಗಳಂತೂ ಕೇಳಲೇಬೇಡಿ.

ಅಂಚೆ ಕಚೇರಿ ಆರ್‌ಡಿ ಒಳ್ಳೆಯದೇ, 100 ರೂಪಾಯಿಯಿಂದಲೂ ಶುರು ಮಾಡಬಹುದು. ಆದರೆ ಅದು 5 ವರ್ಷದ್ದು, 3 ವರ್ಷಕ್ಕೆ ಮುಂಚೆ ಮುಚ್ಚಲು ಬರುವುದಿಲ್ಲ. ಬರುವ ವರ್ಷ ಬೈಕ್‌ಗೆ ಬೇಕು ಅನ್ನುವವರು ಬ್ಯಾಂಕಿನಲ್ಲಿ 12 ತಿಂಗಳದ್ದು ಮಾಡಿಸಿ.

ಚೀಟಿಯ ಫೋಟೋ ಮಾತ್ರ ಗುಂಪಿಗೆ ಹಾಕಬೇಡಿ, ಅದರಲ್ಲಿ ಖಾತೆ ನಂಬರ್ ಇರುತ್ತದೆ.