ಹಗಲುರಾತ್ರಿಯ ಪ್ರಯೋಗಾಲಯಕ್ಕೆ ರಾತ್ರಿ ಬೀಗ

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯ ಇನ್ನು ಮುಂದೆ ಹಗಲುರಾತ್ರಿ ಕೆಲಸ ಮಾಡುತ್ತದೆ ಎಂಬ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಚಿತ್ರಸಮೇತ ಓದಿದೆ. ಟೇಪು ಕತ್ತರಿಸುವವರ ಹಿಂದೆ ಕಾಣುವ ಸೂಕ್ಷ್ಮದರ್ಶಕದ ಮೇಲೆ ಕಂಪನಿಯವರು ಹೊದಿಸಿ ಕಳಿಸಿದ ಪ್ಲಾಸ್ಟಿಕ್ ಚೀಲ ಹಾಗೆಯೇ ಇದೆ. ವೈದ್ಯಕೀಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿದ್ದು ನಿವೃತ್ತನಾದ ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೇ. ಆ ಚೀಲ ಇನ್ನೂ ತೆಗೆದಿಲ್ಲವೆಂದು ಕಳೆದ ಭಾನುವಾರ ರಾತ್ರಿ ಖಚಿತವಾಯಿತು.

ಊಟ ಮಾಡಿ ಚೆನ್ನಾಗಿಯೇ ಮಲಗಿದ್ದವನಿಗೆ ನಡುರಾತ್ರಿಯ ಹೊತ್ತಿಗೆ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಕೆಂಡ ಇಟ್ಟಂತಾಗಿ ಎಚ್ಚರವಾಯಿತು. ದೀಪ ಹಾಕಿ ನೋಡಿದರೆ ಕೀಲು ಕೆಂಪೇರಿ, ಚರ್ಮ ಬಿಗಿದು ಮಿರಮಿರ ಹೊಳೆಯುತ್ತಿದೆ. ಹೊದಿಕೆಯ ಅಂಚು ತಾಕಿದರೂ ಜೀವ ಹೋಗುವ ನೋವು, ಮೈ ಸ್ವಲ್ಪ ಬಿಸಿ. ಪೆಟ್ಟು ಬಿದ್ದಿರಲಿಲ್ಲ, ಗಾಯವೂ ಇರಲಿಲ್ಲ. ಹಿಂದೆಂದೂ ಹೀಗಾಗಿರಲಿಲ್ಲ.

ಕೆರೆ ಏರಿಯ ರಸ್ತೆ ನಿಮಗೂ ಗೊತ್ತು, ನಿಮ್ಮ ಓದುಗರಿಗೂ ಗೊತ್ತು. ಆ ಗುಂಡಿಗಳಲ್ಲಿ ಆಟೋ ಕುಲುಕುತ್ತಾ ಹೋಗುವಾಗ ನಾನು ಅನುಭವಿಸಿದ್ದನ್ನು ಲೋಕೋಪಯೋಗಿ ಇಲಾಖೆಯ ಎಂಜಿನಿಯರರು ಒಂದು ರಾತ್ರಿಯಾದರೂ ಅನುಭವಿಸಲಿ ಎಂಬುದು ನನ್ನ ಪ್ರಾಮಾಣಿಕ ಹಾರೈಕೆ. ಬೀದಿದೀಪ ಒಂದೂ ಉರಿಯುತ್ತಿರಲಿಲ್ಲ. ಆಸ್ಪತ್ರೆಯ ಗಾಲಿಕುರ್ಚಿಗೆ ಪಾದ ಇಡುವ ಹಲಗೆಯೇ ಇರಲಿಲ್ಲವಾದ್ದರಿಂದ ಕಾಲನ್ನು ಮಗ ಕೈಯಲ್ಲಿ ಎತ್ತಿ ಹಿಡಿದುಕೊಂಡು ಬಂದ. ಇದೂ ‘ಉನ್ನತೀಕರಣ’ದ ಪಟ್ಟಿಯಲ್ಲಿ ಸೇರಿರಬಹುದು.

ಕರ್ತವ್ಯದಲ್ಲಿದ್ದ ಯುವ ವೈದ್ಯರು ಒಳ್ಳೆಯವರೇ. ಆದರೆ ಬೆರಳನ್ನು ದೂರದಿಂದಲೇ ನೋಡಿ, ‘ಇನ್ಫೆಕ್ಷನ್’ ಎಂದು ಬರೆದು, ಸೆಫ್ಟ್ರಿಯಾಕ್ಸೋನ್ ಮತ್ತು ನೋವಿನ ಇಂಜೆಕ್ಷನ್ ಕೊಡಲು ಹೇಳಿದರು. ನಾನು ಹೇಳಿದೆ, ‘ಡಾಕ್ಟರೇ, ಆಂಟಿಬಯೋಟಿಕ್ ಕೊಡುವ ಮೊದಲು ಕೀಲಿನಿಂದ ಎರಡು ಹನಿ ನೀರು ತೆಗೆಯಿರಿ. ಇದು ಗೌಟ್ ಇರಬಹುದು, ಸೋಂಕೂ ಇರಬಹುದು. ನೋಡಿದ ಮಾತ್ರಕ್ಕೆ ಹೇಳಲಾಗದು.’ ಅವರು ಶುಶ್ರೂಷಕಿಯ ಮುಖ ನೋಡಿದರು. ಆಕೆ ಹೇಳಿದರು, ‘ಯಜಮಾನರೇ, ಲ್ಯಾಬಿನ ಬೀಗದಕೈ ಟೆಕ್ನಿಷಿಯನ್ ಹತ್ತಿರ ಇದೆ. ಅವರು ಊರಿಗೆ ಹೋಗಿದ್ದಾರೆ. ಸೋಮವಾರ ಬರುತ್ತಾರೆ.’ ಆ ಮಾತು ಕೇಳುವಾಗ ನನ್ನ ತಲೆಯ ಮೇಲೇ ‘24 ಗಂಟೆ ಸೇವೆ’ ಎಂಬ ಫಲಕ ಬೆಳಗುತ್ತಿತ್ತು. ಅದಕ್ಕೆ ಮಾತ್ರ ವಿದ್ಯುತ್ ಕೊರತೆ ಇಲ್ಲ.

ಇದು ಹಿರಿಯನ ಹಟವಲ್ಲ. ಯೂರಿಕ್ ಆಮ್ಲದ ಹರಳುಗಳು ಕೀಲಿನಲ್ಲಿ ಕೂತು ರೊಚ್ಚಿಗೇಳುವುದು ಗೌಟ್. ದೇಹದ ಉಳಿದ ಭಾಗಕ್ಕಿಂತ ತಣ್ಣಗಿರುವ ಹೆಬ್ಬೆರಳಲ್ಲಿ ಅವು ಸುಲಭವಾಗಿ ಕಟ್ಟಿಕೊಳ್ಳುತ್ತವೆ. ಬಾಧೆ ರಾತ್ರಿಯ ಹೊತ್ತು ಹಠಾತ್ತನೆ ಶುರುವಾಗುವುದೂ ಸಾಮಾನ್ಯ. ಕೀಲಿನಲ್ಲಿ ಬ್ಯಾಕ್ಟೀರಿಯ ಸೇರಿ ಕೀವಾಗುವುದು ಇನ್ನೊಂದು. ಅದನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಕರಗಿ ಕೀಲೇ ಹಾಳಾಗುತ್ತದೆ. ಹೊರಗಿನಿಂದ ಎರಡೂ ಒಂದೇ ರೀತಿ: ಕೆಂಪು, ಊತ, ಬಿಸಿ, ಕೆಲವೊಮ್ಮೆ ಜ್ವರ. ಎರಡರಲ್ಲೂ ರಕ್ತದ ಬಿಳಿಕಣ ಏರುತ್ತದೆ, ಉರಿಯೂತ ತೋರಿಸುವ ಸಿ.ಆರ್.ಪಿ.ಯೂ ಏರುತ್ತದೆ. ಚಳಿ ಹತ್ತಿ ಮೈ ನಡುಗಿದರೆ, ಕಾಲಲ್ಲಿ ಹುಣ್ಣಿದ್ದರೆ, ರೋಗಿಗೆ ಸಕ್ಕರೆ ಕಾಯಿಲೆ ಇದ್ದರೆ ಸೋಂಕಿನ ಅನುಮಾನ ಬಲವಾಗುತ್ತದೆ. ಇಂಥ ಬಾಧೆ ಮೊದಲೂ ಬಂದು ತಾನಾಗಿಯೇ ಇಳಿದಿದ್ದರೆ ಗೌಟ್ ಎನ್ನಬಹುದು. ಅಂಥವರ ಬೆರಳಿಗೆ ಪ್ರತಿ ಸಲವೂ ಸೂಜಿ ಚುಚ್ಚಬೇಕೆಂದು ನಾನೂ ಹೇಳುವುದಿಲ್ಲ. ನನಗೆ ಇದು ಮೊದಲ ಸಲ, ಜೊತೆಗೆ ಜ್ವರ. ಇಲ್ಲಿ ತೀರ್ಪು ಕೊಡಬಲ್ಲದ್ದು ಕೀಲಿನ ನೀರು ಮಾತ್ರ.

ಅದನ್ನು ತೆಗೆಯಲು ಲ್ಯಾಬಿನ ಬಾಗಿಲು ತೆರೆದಿರಲೇಬೇಕು ಎಂದೂ ಇಲ್ಲ. ಚರ್ಮ ಶುದ್ಧಗೊಳಿಸಿ ಸಣ್ಣ ಸೂಜಿ ಹಾಕಿದರೆ ಬೆರಳ ಕೀಲಿನಿಂದ ಒಂದೆರಡು ಹನಿ ಸಿಗುತ್ತದೆ. ಅಷ್ಟರಲ್ಲೇ ಒಂದು ಹನಿ ಗಾಜಿನ ಪಟ್ಟಿಗೆ, ಉಳಿದದ್ದು ಬ್ಯಾಕ್ಟೀರಿಯ ಬೆಳೆಸಿ ನೋಡುವ ಕಲ್ಚರ್ ಬಾಟಲಿಗೆ. ಬಾಟಲಿಯನ್ನು ಬೆಳಗಿನವರೆಗೆ ಕೋಣೆಯ ಉಷ್ಣತೆಯಲ್ಲೇ ಇಡಬಹುದು. ಗೌಟ್ ಆಗಿದ್ದರೆ ಸೂಕ್ಷ್ಮದರ್ಶಕದಲ್ಲಿ ಸೂಜಿಯಂಥ ಹರಳುಗಳು, ಎಷ್ಟೋ ಬಾರಿ ಬಿಳಿಕಣಗಳ ಒಳಗೇ ನಾಟಿಕೊಂಡು ಕಾಣುತ್ತವೆ. ಧ್ರುವೀಕೃತ ಬೆಳಕಿಗೆ ಹಿಡಿದರೆ ಒಂದು ದಿಕ್ಕಿನಲ್ಲಿ ಹಳದಿ, ಅಡ್ಡಲಾಗಿ ನೀಲಿ. ವಿಶೇಷ ಯಂತ್ರವಿಲ್ಲದಿದ್ದರೆ ಸಾಧಾರಣ ಸೂಕ್ಷ್ಮದರ್ಶಕಕ್ಕೆ ಎರಡು ಪೋಲರಾಯ್ಡ್ ಹಾಳೆ ಸೇರಿಸಿಕೊಂಡು ಹರಳು ಹೊಳೆಯುವುದನ್ನಾದರೂ ಕಾಣಬಹುದು. ಇದಕ್ಕೆ ಸಚಿವರ ಉದ್ಘಾಟನೆ ಬೇಕಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ: ಹರಳು ಕಂಡಿತೆಂದು ಸೋಂಕನ್ನು ಮರೆಯುವಂತಿಲ್ಲ, ಎರಡೂ ಒಂದೇ ಕೀಲಿನಲ್ಲಿ ಇರುವುದುಂಟು. ಆದ್ದರಿಂದಲೇ ಕಲ್ಚರ್. ರೋಗಿಯ ರಕ್ತದೊತ್ತಡ ಕುಸಿಯುತ್ತಿದ್ದರೆ ಯಾವುದಕ್ಕೂ ಕಾಯದೆ ಔಷಧ ಕೊಡಲೇಬೇಕು. ನಾನಂತೂ ಕೂತು ಮಾತನಾಡುತ್ತಿದ್ದೆ, ಗಟ್ಟಿಯಾಗಿಯೇ ಮಾತನಾಡುತ್ತಿದ್ದೆ.

ಮಾತು ಕೇಳಿದವರು ಯಾರು? ಎರಡೂ ಇಂಜೆಕ್ಷನ್ ಆಯಿತು. ನಾನು ನುಂಗುವ ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿದೆ, ಅದು ಯೂರಿಕ್ ಆಮ್ಲ ಏರಿಸುತ್ತದೆ. ಮಾತ್ರೆಯ ವಿಷಯವನ್ನೇ ಯಾರೂ ಕೇಳಲಿಲ್ಲ. ಸೋಮವಾರ ಮಧ್ಯಾಹ್ನ ಟೆಕ್ನಿಷಿಯನ್ ಸಾಹೇಬರು ದಯಮಾಡಿಸಿ ರಕ್ತ ತೆಗೆದುಕೊಂಡರು. ಯೂರಿಕ್ ಆಮ್ಲ 5.9 ಬಂತು. ‘ನೋಡಿ, ನಾರ್ಮಲ್. ಗೌಟ್ ಅಲ್ಲವೇ ಅಲ್ಲ’ ಎಂದರು ಹಗಲು ಪಾಳಿಯ ಹಿರಿಯ ವೈದ್ಯರು, ನನ್ನನ್ನು ಸೋಲಿಸಿದ ಸಮಾಧಾನದಲ್ಲಿ. ಗೌಟ್ ಕೆರಳಿರುವಾಗ ರಕ್ತದ ಯೂರಿಕ್ ಆಮ್ಲ ತಾತ್ಕಾಲಿಕವಾಗಿ ಇಳಿದು ನಾರ್ಮಲ್ ತೋರಿಸುವುದು ಸಾಮಾನ್ಯ ಸಂಗತಿ. ಬಾಧೆ ತಣಿದು ಎರಡು ವಾರವಾದರೂ ಕಳೆದ ಮೇಲೆ ಮತ್ತೆ ನೋಡಬೇಕು ಎಂಬುದನ್ನು ನಾನು ತರಬೇತಿಗೆ ಬಂದ ಹುಡುಗರಿಗೆಲ್ಲ ಹೇಳಿಕೊಡುತ್ತಿದ್ದೆ.

ಇದರ ಉಲ್ಟಾ ನಮ್ಮ ಬೀದಿಯಲ್ಲೇ ನಡೆದಿದೆ. ಹಿಂದಿನ ಸಾಲಿನ ಮನೆಯ, ಸಕ್ಕರೆ ಕಾಯಿಲೆಯ ಹಿರಿಯರೊಬ್ಬರಿಗೆ ಇದೇ ಬೆರಳು ಊದಿತ್ತು. ಯೂರಿಕ್ ಆಮ್ಲ 8.2 ಬಂದಿದ್ದೇ ತಡ, ಗೌಟ್ ಎಂದು ಸ್ಟೀರಾಯ್ಡ್ ಮಾತ್ರೆ ಕೊಟ್ಟು ಕಳಿಸಿದರು. ಬೆರಳಸಂದಿಯಲ್ಲಿ ಬಿರುಕು ಬಿಟ್ಟು ರಸ ಒಸರುತ್ತಿದ್ದುದನ್ನು ಯಾರೂ ಬೆರಳು ಅಗಲಿಸಿ ನೋಡಲಿಲ್ಲ. ಸೋಂಕು ಮೂಳೆಗೆ ಇಳಿದು, ಕೊನೆಗೆ ಬೆರಳನ್ನೇ ತೆಗೆಯಬೇಕಾಯಿತು. ಯೂರಿಕ್ ಆಮ್ಲ ಹೆಚ್ಚಿದ್ದೂ ಯಾವ ತೊಂದರೆಯೂ ಇಲ್ಲದೆ ಓಡಾಡುವ ಜನ ಎಷ್ಟೋ ಇದ್ದಾರೆ. ಒಂದು ಅಂಕಿ ನೋಡಿ ಒಬ್ಬರಿಗೆ ಗೌಟ್ ಕೊಡುವುದು, ಇನ್ನೊಬ್ಬರಿಂದ ಕಿತ್ತುಕೊಳ್ಳುವುದು! ಪಡಿತರ ಚೀಟಿಯನ್ನೂ ಈ ಊರಿನಲ್ಲಿ ಹೀಗೆಯೇ ಹಂಚುತ್ತಾರೆ.

ನನ್ನನ್ನು ಮಗ ನಗರದ ಆಸ್ಪತ್ರೆಗೆ ಕರೆದೊಯ್ದ. ಆಂಬುಲೆನ್ಸ್ ಕೇಳಿದರೆ ‘ಕಾಲುಬೆರಳಿಗೆಲ್ಲ ಬರುವುದಿಲ್ಲ’ ಎಂಬ ಉತ್ತರ, ಹಾಗಾಗಿ ಬಾಡಿಗೆ ಕಾರು. ಅಲ್ಲಿ ಮೂಳೆ ವಿಭಾಗದ ಹೆಣ್ಣುಮಗಳೊಬ್ಬಳು ಬಂದ ಕೂಡಲೇ ಸೂಜಿ ಹಾಕಿ ಮಸುಕು ಹಳದಿಯ, ಕಲಗಚ್ಚಿನಂಥ ಎರಡು ಹನಿ ತೆಗೆದಳು. ಹರಳು ಸ್ಪಷ್ಟವಾಗಿ ಕಂಡವು. ಹಾಗಾದರೆ ಕಥೆ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. ಗ್ರಾಮ್ ಬಣ್ಣ ಹಾಕಿದಾಗ ಬ್ಯಾಕ್ಟೀರಿಯ ಕಾಣಲಿಲ್ಲ, ಆದರೆ ಈಗಾಗಲೇ ಆಂಟಿಬಯೋಟಿಕ್ ದೇಹಕ್ಕೆ ಹೋಗಿರುವುದರಿಂದ ‘ಕಾಣಲಿಲ್ಲ’ ಎಂಬುದಕ್ಕೆ ಬೆಲೆ ಇಲ್ಲ. ಕಲ್ಚರ್ ಖಾಲಿ ಬಂದರೂ ಪೂರ್ತಿ ನಂಬುವಂತಿಲ್ಲ. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 1.6ಕ್ಕೆ ಏರಿದ್ದುದರಿಂದ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಅಪಾಯ (ಭಾನುವಾರ ರಾತ್ರಿ ಅದನ್ನು ಪರೀಕ್ಷಿಸದೆಯೇ ಚುಚ್ಚಿದ್ದರು). ಸ್ಟೀರಾಯ್ಡ್ ಕೊಟ್ಟರೆ ಬೇಗ ಇಳಿಯುತ್ತದೆ, ಆದರೆ ಸೋಂಕಿಲ್ಲವೆಂದು ಖಚಿತವಾಗುವ ತನಕ ಕೊಡುವ ಧೈರ್ಯ ಆಕೆಗಿಲ್ಲ, ಇರಲೂಬಾರದು. ಗೌಟ್‌ಗೆ ಕೊಡುವ ಕೋಲ್ಚಿಸಿನ್ ಕೂಡ ಮೂತ್ರಪಿಂಡ ನೋಡಿ ಕಡಿಮೆ ಪ್ರಮಾಣದಲ್ಲಿಯೇ. ಹಾಗಾಗಿ ಮಂಜುಗಡ್ಡೆಯ ಚೀಲ ಇಟ್ಟುಕೊಂಡು, ಕಲ್ಚರ್ ಏನು ಹೇಳುತ್ತದೆಂದು ಕಾಯುತ್ತಾ, ಹಾಸಿಗೆಯ ದಿನಬಾಡಿಗೆ ಕಟ್ಟುತ್ತಾ ಮಲಗಿದೆ. ಏನೂ ಬೆಳೆಯದೆ, ಜ್ವರವೂ ಬಿಟ್ಟ ಮೇಲೆಯೇ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಮರುದಿನ ಚಪ್ಪಲಿ ಮೆಟ್ಟಿದೆ. ಮೊದಲ ರಾತ್ರಿಯೇ ಆ ಎರಡು ಹನಿ ತೆಗೆದಿಟ್ಟು ಆಮೇಲೆ ಏನು ಬೇಕಾದರೂ ಚುಚ್ಚಿದ್ದರೆ ಈ ಕಾಯುವ ಶಿಕ್ಷೆಯೂ ಇರುತ್ತಿರಲಿಲ್ಲ, ಸಾವಿರಾರು ರೂಪಾಯಿಯ ಬಿಲ್ಲೂ ಇರುತ್ತಿರಲಿಲ್ಲ.

ಬಂದ ಮೇಲೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ಹೋದೆ. ‘ಲಿಖಿತವಾಗಿ ಕೊಡಿ’ ಎಂದರು. ಲಿಖಿತವಾಗಿ ಕೊಟ್ಟೆ. ‘ಸ್ವೀಕೃತಿ ಮುದ್ರೆ ಹಾಕುವವರು ರಜೆಯಲ್ಲಿದ್ದಾರೆ’ ಎಂದರು. ಇದೇ ಆವರಣದಲ್ಲಿ ಹಿಂದೆ ನಾಯಿ ಕಡಿತದ ಲಸಿಕೆ ಇಲ್ಲವೆಂದು ಕೊಟ್ಟ ಅರ್ಜಿ ಇನ್ನೂ ‘ಪರಿಶೀಲನೆಯಲ್ಲಿದೆ’. ನಾಯಿಗಳೂ ಪರಿಶೀಲನೆ ಮುಗಿಯಲಿ ಎಂದು ಆವರಣದಲ್ಲೇ ಮಲಗಿವೆ. ಪುರಸಭೆಯವರಂತೂ ನೀರಿನ ಕಂದಾಯದ ವಿಷಯದಲ್ಲಿ ಮಾತ್ರ ನಮ್ಮ ಬಡಾವಣೆ ಇರುವುದನ್ನು ನೆನಪಿಟ್ಟುಕೊಂಡಿದ್ದಾರೆ. ಖಾತಾ ಬದಲಾವಣೆಗೆ ಹೋದರೆ ನಾವು ಬೇರೆ ವಾರ್ಡಿನವರಾಗುತ್ತೇವೆ.

ಆದ್ದರಿಂದ ಪ್ರಯೋಗಾಲಯದಲ್ಲಿ ರಾತ್ರಿ ಪಾಳಿಗೆ ಒಬ್ಬರನ್ನಾದರೂ ನೇಮಿಸಬೇಕು. ಅದು ಆಗದಿದ್ದರೆ ಬೀಗದಕೈಯನ್ನಾದರೂ ಆಸ್ಪತ್ರೆಯಲ್ಲಿ ಬಿಟ್ಟುಹೋಗುವ ಏರ್ಪಾಡಾಗಲಿ. ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಒಂದು ಸಣ್ಣ ಸೂಜಿ, ಒಂದು ಗಾಜಿನ ಪಟ್ಟಿ, ಒಂದು ಕಲ್ಚರ್ ಬಾಟಲಿ ಇಡಲು ಯಾವ ಟೆಂಡರ್ ಕರೆಯಬೇಕೋ ತಿಳಿಯದು, ಕರೆಯುವುದಾದರೆ ಬೇಗ ಕರೆಯಲಿ. ಜಿಲ್ಲಾಡಳಿತ ಮಧ್ಯ ಪ್ರವೇಶಿಸಬೇಕು. ಕೆರೆ ಏರಿಯ ರಸ್ತೆಯನ್ನೂ ಇದೇ ಉಸಿರಿನಲ್ಲಿ ದುರಸ್ತಿ ಮಾಡಿಸಬೇಕು. ಸಂಬಂಧಪಟ್ಟವರು ಎಂದು ಪ್ರತಿ ಪತ್ರದಲ್ಲೂ ಬರೆಯುತ್ತೇವಲ್ಲ, ಆ ಸಂಬಂಧಪಟ್ಟವರು ಯಾರೆಂದು ಮೊದಲು ಅವರವರಲ್ಲೇ ತೀರ್ಮಾನಿಸಿಕೊಂಡು ನನಗೊಂದು ಮರುಟಪಾಲು ಹಾಕಲಿ. ನಾಚಿಕೆ ಇದ್ದರೆ.

— ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ಕೆರೆ ಏರಿ ಬಡಾವಣೆ